ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಒರಟ: ಅಂಥವನಿಗೆ ನಾನು ಹೇಳುವ ರೀತಿ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಕೆಲಸಗಾರರ ಉಸ್ತುವಾರಿ ನನ್ನದು. ಸುಗ್ಗಿಯಲ್ಲಿ ಇಡೀ ಅಂಗಡಿ ನಿಂತಿರುವುದು ಮಾಲು ನೋಡುವ ಹಿರಿಯ ಗುಮಾಸ್ತನ ಮೇಲೆ. ಕಾಳನ್ನು ಅಂಗೈಯಲ್ಲಿ ಹಿಡಿದೇ ತೇವ ಎಷ್ಟಿದೆ ಅಂತ ಅಂದಾಜು ಹೇಳುತ್ತಾನೆ, ಲೆಕ್ಕ ತಪ್ಪುವುದಿಲ್ಲ, ರೈತರಿಗೂ ಅವನ ಮೇಲೆ ನಂಬಿಕೆ. ಆದರೆ ಹುಡುಗರ ಮೇಲೆ, ಹಮಾಲರ ಮೇಲೆ ಬಾಯಿಗೆ ಬಂದಂತೆ ರೇಗುತ್ತಾನೆ. ಇಂಥವನಿಗೆ ಬುದ್ಧಿ ಹೇಳುವುದು ದಂಡದ ಕೆಲಸ ಅಂತ ಬಹಳ ಜನ ಸುಮ್ಮನಾಗುತ್ತಾರೆ. ನನ್ನ ಪ್ರಕಾರ, ಅವನು ಲೆಕ್ಕದ ಮನುಷ್ಯನಾಗಿರುವುದರಿಂದಲೇ ಅವನಿಗೆ ಹೇಳುವುದು ಸುಲಭ. ಆದರೆ ಮಾತಿಗೆ ಸರಿಯಾದ ಆಧಾರ ಕೈಯಲ್ಲಿರಬೇಕು.

"ನಿನ್ನ ಸ್ವಭಾವ ಸರಿಯಿಲ್ಲ" ಅನ್ನುವ ಮಾತನ್ನು ನಾನು ಎತ್ತುವುದೇ ಇಲ್ಲ. ಸ್ವಭಾವದ ಬಗ್ಗೆ ವಾದ ಮಾಡಬಹುದು, ಆಡಿದ ಮಾತಿನ ಬಗ್ಗೆ ಆಗುವುದಿಲ್ಲ. ಹಾಗಾಗಿ ನಾನೇ ಕಿವಿಯಾರೆ ಕೇಳಿದ ಒಂದೆರಡು ಸಂದರ್ಭಗಳನ್ನು, ಬಾಯಿಂದ ಬಂದ ಪದಗಳ ಸಮೇತ, ಅದೇ ದಿನ ಚೀಟಿಯಲ್ಲಿ ಬರೆದಿಡುತ್ತೇನೆ. ಬೇರೆಯವರು ಬಂದು ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಬಳಸುವುದಿಲ್ಲ. "ಯಾರು ಚಾಡಿ ಹೇಳಿದ್ದು" ಅನ್ನುವ ಹುಡುಕಾಟ ಶುರುವಾದರೆ ಅಸಲು ವಿಷಯ ಅಲ್ಲಿಗೆ ಮುಗಿದಂತೆ.

ಒಂದು ಪ್ರಕರಣ ನೋಡಿ. ರೈತರ ಎದುರಿಗೇ ಅವನು ಹೊಸ ಹುಡುಗನಿಗೆ "ಮೀಟ್ರು ಹಿಡಿಯಾಕೆ ಬರಲ್ಲ, ನೀನೇನಲೇ ನಂಗೆ ಹೇಳೋದು" ಅಂದ. ಮರುದಿನ ಒಂದು ರಾಶಿಯ ಮೇಲಿನ ಮಾಲು ಶೇಕಡಾ 14 ತೇವ ತೋರಿಸಿತು. ಅಡಿಯ ಮಾಲಿಗೆ ಆ ಹುಡುಗ ಮೀಟರ್ ಹಿಡಿದಾಗ 17 ಬಂತು, ಅವನು ಬಾಯಿ ಬಿಡಲಿಲ್ಲ. ಲಾರಿ ಹೋಯಿತು, ಕೋಳಿ ಆಹಾರದ ಕಾರ್ಖಾನೆಯವರು ತೂಕ ಮುರಿದುಕೊಂಡರು. 17 ತೇವದ 100 ಕ್ವಿಂಟಲ್ ಮಾಲು 14ಕ್ಕೆ ಒಣಗಿದರೆ ಸುಮಾರು 96.5 ಕ್ವಿಂಟಲ್ ಉಳಿಯುತ್ತದೆ. ಮೂರೂವರೆ ಕ್ವಿಂಟಲ್ ಬರೀ ನೀರು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಹುಡುಗ ಹಿಂದಿನ ದಿನದ ಮಾತನ್ನೇ ನೆನೆಸಿದ. ಇದನ್ನು ಹೇಳಲು ಅವನ ಒಪ್ಪಿಗೆಯನ್ನೂ ಕೇಳಿಕೊಂಡೆ.

ಟೆಂಡರ್ ಗಲಾಟೆಯ ನಡುವೆ ಈ ಮಾತು ಬೇಡ. ಸಂಜೆ ಬಿಲ್ಲುಗಳು ಮುಗಿದ ಮೇಲೆ, ಗೋದಾಮಿನ ಹಿಂದೆ, ಮೂರನೆಯವರಿಲ್ಲದೆ ಕೂತೆವು. ಬೋನಸ್, ಸಂಬಳದ ಮಾತನ್ನು ಇದರ ಜೊತೆ ಬೆರೆಸಬಾರದು, ಬೆರೆಸಿದರೆ ಅವನಿಗೆ ದುಡ್ಡಿನ ಮಾತಷ್ಟೇ ಕೇಳಿಸುತ್ತದೆ. ಹೊಗಳಿ, ನಡುವೆ ಬೈದು, ಮತ್ತೆ ಹೊಗಳುವ ಪದ್ಧತಿಯನ್ನೂ ನಾನು ಬಿಟ್ಟಿದ್ದೇನೆ. ಜಾಣರು ಮೊದಲ ಹೊಗಳಿಕೆಗೇ ಎಚ್ಚರವಾಗುತ್ತಾರೆ, ಕೊನೆಯದನ್ನು ನಂಬುವುದಿಲ್ಲ. ನೇರವಾಗಿ ಹೇಳಿದೆ: "ನಿನ್ನೆ ರೈತರ ಮುಂದೆ ಹುಡುಗನಿಗೆ ಹಿಂಗಂದೆ. ಇವತ್ತು ಅವನು 17 ನೋಡಿಯೂ ಸುಮ್ಮನಿದ್ದ. ನಿನ್ನ ಹತ್ರ ಹೇಳೋಕೆ ಹೆದರಿದ್ದಾನೆ." ಅಷ್ಟು ಹೇಳಿ ಸುಮ್ಮನಾದೆ. ಈ ಮೌನವನ್ನು ನಾವೇ ತುಂಬಿದರೆ ಮಾತು ಸಡಿಲವಾಗುತ್ತದೆ.

"ಬೈದ್ರೇನೇ ಕೆಲ್ಸ ಆಗೋದಣ್ಣ" ಅನ್ನುವ ಉತ್ತರ ಬಂದೇ ಬರುತ್ತದೆ. ವಾದಕ್ಕಿಳಿಯದೆ "ಬೈದದ್ದಕ್ಕೇ ಈ ಲಾರಿ ಹಿಂಗಾಯ್ತು" ಅಂತ ತೂಕದ ಚೀಟಿ ತೋರಿಸಬೇಕು. ತಪ್ಪು ಕಂಡರೆ ಸುಮ್ಮನಿರು ಅಂತ ಕೇಳುತ್ತಿಲ್ಲ, ಅದೂ ಸ್ಪಷ್ಟವಾಗಬೇಕು. ಬೈಗುಳದ ಜಾಗಕ್ಕೆ ಏನು ಬರಬೇಕು ಅಂತ ಗೊತ್ತಿಲ್ಲದಿದ್ದರೆ ಹಳೆಯದೇ ವಾಪಸ್ ಬರುತ್ತದೆ. ನಾವು ಒಪ್ಪಿಕೊಂಡದ್ದು ಎರಡೇ: ತಪ್ಪು ಕಂಡರೆ ಹುಡುಗನನ್ನು ಪಕ್ಕಕ್ಕೆ ಕರೆದು "ಇನ್ನೊಂದು ಸಲ ಹಿಡಿ, ನಾನೂ ನೋಡ್ತೀನಿ" ಅನ್ನುವುದು, ಮತ್ತು ಪ್ರತಿ ರಾಶಿಯ ಅಡಿ ಮಾಲಿನ ತೇವವನ್ನು ಹುಡುಗನೇ ಕೂಗಿ ಹೇಳುವುದು.

ಆಮೇಲಿನ ವಾರ ನನ್ನ ಗಮನ ಅವನಿಗಿಂತ ಹುಡುಗರ ಮೇಲೆ. ನನ್ನೆದುರು ಮಾತ್ರ ಮೆತ್ತಗಾಗಿರುವುದು ಸಾಮಾನ್ಯ, ಆಗ ನಾನಿಲ್ಲದ ಹೊತ್ತು ಹುಡುಗರು ಕೂಗಿದ ಅಳತೆಗಳು ತೇವ ಬರೆಯುವ ಚೀಟಿಯಲ್ಲಿ ಕಡಿಮೆಯಾಗಿರುತ್ತವೆ. ಬೈಯುವುದು ನಿಲ್ಲಿಸಿ ಮಾತನ್ನೇ ನಿಲ್ಲಿಸಿಬಿಡುವುದು ಇನ್ನೊಂದು ಬಗೆ, ಅದೂ ಅಷ್ಟೇ ಕೆಟ್ಟದ್ದು, ಅದನ್ನೂ ಹೆಸರಿಟ್ಟು ಹೇಳಬೇಕು. ಹುಡುಗ ಕೂಗಿದ ಅಳತೆಯನ್ನು ಅವನು ಒಪ್ಪಿ ಮತ್ತೆ ಪರೀಕ್ಷಿಸಿದ ದಿನ ಅದನ್ನೂ ಅದೇ ಸಂಜೆ ಅವನಿಗೆ ಹೇಳುತ್ತೇನೆ.

ಜಾತಿ ಹಿಡಿದು ಬೈದರೆ, ಹೆಣ್ಣುಮಕ್ಕಳ ಜೊತೆ ಅಸಭ್ಯವಾಗಿ ನಡೆದರೆ ಈ ಕ್ರಮ ಯಾವುದೂ ಸಲ್ಲದು. ಮೊದಲನೆಯದಕ್ಕೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, ಎರಡನೆಯದಕ್ಕೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇವೆ. ಅಂಥದ್ದನ್ನು ಗೋದಾಮಿನ ಹಿಂದೆ ಕೂತು ಬಗೆಹರಿಸುವ ಹಕ್ಕು ಉಸ್ತುವಾರಿಗೆ ಇಲ್ಲ. ಉಳಿದ ಒರಟುತನ ಎರಡು ಮಾತಿನ ನಂತರವೂ ನಿಲ್ಲದಿದ್ದರೆ, ಮಾಲು ನೋಡುವ ಕೆಲಸ ಅವನಿಗೇ ಬಿಟ್ಟು ಹುಡುಗರ ಮೇಲಿನ ಅಧಿಕಾರವನ್ನು ಬೇರೆಯವರಿಗೆ ಕೊಡುತ್ತೇನೆ. ಹಾಗೆ ಮಾಡುತ್ತೇನೆ ಅನ್ನುವುದನ್ನು ಎರಡನೇ ಸಲ ಕೂತಾಗಲೇ ಅವನಿಗೆ ತಿಳಿಸಿರುತ್ತೇನೆ.