ಮಂಚ ಬಾಡಿಗೆಗೆ, ಫ್ರಿಜ್ ಸ್ವಂತಕ್ಕೆ: ಲೆಕ್ಕ ಹಾಕುವುದು ಹೀಗೆ

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದವರು ಮನೆ ಹಿಡಿದ ಕೂಡಲೇ ಸಾಮಾನಿನ ಚಿಂತೆ ಶುರುವಾಗುತ್ತದೆ. ಮಂಚ, ಹಾಸಿಗೆ, ಫ್ರಿಜ್, ವಾಷಿಂಗ್ ಮಷೀನ್ ಇಲ್ಲದೆ ಹೆಚ್ಚು ದಿನ ತಳ್ಳಲಾಗದು. ಆದರೆ ಮನೆಯ ಅಡ್ವಾನ್ಸ್ ಕೊಟ್ಟು ಕೈ ಖಾಲಿಯಾಗಿರುತ್ತದೆ. ಬೆಂಗಳೂರಿನಲ್ಲೇ ಶುರುವಾದ ಫರ್ಲೆಂಕೊ, ರೆಂಟೊಮೊಜೊದಂತಹ ಕಂಪನಿಗಳು ಬೆಳೆದದ್ದು ಇಂಥವರಿಂದಲೇ. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಸಾಮಾನು ಮನೆಗೆ ಬರುತ್ತದೆ, ಬೇಡವಾದಾಗ ಅವರೇ ಬಂದು ಒಯ್ಯುತ್ತಾರೆ.

ಇದು ಲಾಭವೋ ನಷ್ಟವೋ ಅನ್ನುವುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಎಷ್ಟು ತಿಂಗಳು ಇರುತ್ತೀರಿ, ಯಾವ ಸಾಮಾನು ಅನ್ನುವುದರ ಮೇಲೆ ಅದು ನಿಂತಿದೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಬಾಡಿಗೆಗೆ ತರುವ ಬದಲು ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕಿ ಎಂದು ನಾನು ಹೇಳುತ್ತೇನೆ.

ಹುಬ್ಬಳ್ಳಿಯಿಂದ ಬಂದು ಒಂದು ಬೆಡ್‌ರೂಮಿನ ಮನೆ ಹಿಡಿದ ದಂಪತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿರುವ ದರಗಳು ಲೆಕ್ಕ ತೋರಿಸಲು ಹಾಕಿಕೊಂಡವು. ನಿಮಗೆ ಸಿಕ್ಕ ದರಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಿ.

ಹಂತ 1: ನಿಜವಾದ ತಿಂಗಳ ಬಾಡಿಗೆ ಎಷ್ಟು?

ಆ್ಯಪಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಬಾಡಿಗೆ ಸಾಮಾನ್ಯವಾಗಿ ಅತಿ ದೀರ್ಘ ಅವಧಿಯದು. 12 ಅಥವಾ 24 ತಿಂಗಳು ಇಟ್ಟುಕೊಳ್ಳುತ್ತೇನೆ ಎಂದರೆ ಮಾತ್ರ ಆ ದರ. 3 ಅಥವಾ 6 ತಿಂಗಳಿಗೆ ಬದಲಿಸಿ ನೋಡಿ, ಮೊತ್ತ ಏರುತ್ತದೆ.

ಇದರ ಮೇಲೆ ಜಿಎಸ್‌ಟಿ ಇದೆ. ಅಂಗಡಿಯ ಫ್ರಿಜ್ಜಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಬಾಡಿಗೆಯಲ್ಲಿ ಎಷ್ಟೋ ಸಲ ಕೊನೆಯ ಪುಟದಲ್ಲಷ್ಟೇ ಶೇ 18 ಸೇರಿಕೊಳ್ಳುತ್ತದೆ. ಹಾನಿಗೆ ರಕ್ಷಣೆ ಎಂದು ತಿಂಗಳಿಗೊಂದು ಸಣ್ಣ ಮೊತ್ತಕ್ಕೆ ಮೊದಲೇ ಟಿಕ್ ಹಾಕಿರುವುದೂ ಉಂಟು. ಬೇಡವಾದರೆ ತೆಗೆಯಿರಿ.

ನಮ್ಮ ದಂಪತಿಗೆ 12 ತಿಂಗಳ ಯೋಜನೆಯಲ್ಲಿ ಸಿಕ್ಕ ದರ ಹೀಗಿದೆ. ಮಂಚ, ಹಾಸಿಗೆ ಸೇರಿ 850 ರೂಪಾಯಿ. 190 ಲೀಟರಿನ ಒಂಟಿ ಬಾಗಿಲಿನ ಫ್ರಿಜ್ಜಿಗೆ 650. ಆರೂವರೆ ಕೆ.ಜಿ.ಯ ವಾಷಿಂಗ್ ಮಷೀನಿಗೆ 700. ಒಟ್ಟು 2,200. ಜಿಎಸ್‌ಟಿ ಸೇರಿದರೆ 2,596. ಅಂದರೆ ವರ್ಷಕ್ಕೆ 31,152 ರೂಪಾಯಿ.

ಡೆಪಾಸಿಟ್ ವಾಪಸ್ ಬರುವ ಹಣ. ಅದನ್ನು ಖರ್ಚಿನಲ್ಲಿ ಸೇರಿಸಬೇಡಿ. ಆದರೆ ಮೊದಲ ದಿನ ಕೈಯಲ್ಲಿ ಇರಬೇಕಾದ ಹಣದಲ್ಲಿ ಸೇರಿಸಿಕೊಳ್ಳಿ.

ಹಂತ 2: ಕೊಂಡರೆ ನಿಜವಾಗಿ ಕಳೆಯುವುದು ಎಷ್ಟು?

ಇಲ್ಲೇ ಜಾಸ್ತಿ ಜನ ಎಡವುವುದು. ಕೊಳ್ಳುವ ಬೆಲೆಯನ್ನು ತಿಂಗಳ ಬಾಡಿಗೆಯಿಂದ ಭಾಗಿಸಿ, ಇಷ್ಟು ತಿಂಗಳಿಗೆ ಸಮ ಆಯಿತು ಅನ್ನುತ್ತಾರೆ. ಆದರೆ ಕೊಂಡ ಸಾಮಾನು ಊರು ಬಿಡುವ ದಿನವೂ ನಿಮ್ಮದೇ ಅಲ್ವಾ? ಮಾರಿದರೆ ಒಂದಷ್ಟು ಬರುತ್ತದೆ. ಕೊಂಡ ಬೆಲೆಯಲ್ಲಿ ಮಾರಿ ಬಂದ ಬೆಲೆ ಕಳೆದರೆ ಉಳಿಯುವುದೇ ನಿಜವಾದ ಖರ್ಚು. ಅದಕ್ಕೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಕೂಡಿಸಿ.

ಸಾಗಣೆ, ಸ್ಟ್ಯಾಂಡ್, ನಲ್ಲಿಯ ಪೈಪು ಎಲ್ಲ ಸೇರಿ ಮಂಚ-ಹಾಸಿಗೆಗೆ 23,500, ಫ್ರಿಜ್ಜಿಗೆ 15,500, ವಾಷಿಂಗ್ ಮಷೀನಿಗೆ 17,000 ಆಯಿತು ಎನ್ನಿ. ಒಟ್ಟು 56,000. ಇಷ್ಟು ಹಣಕ್ಕೆ ಶೇ 6.5ರ ಲೆಕ್ಕದಲ್ಲಿ ವರ್ಷದ ಬಡ್ಡಿ ಸುಮಾರು 3,600. ಸಾಲದ ಇಎಂಐನಲ್ಲಿ ಕೊಂಡರೆ ಈ ಬಡ್ಡಿಯ ಬದಲು ಸಾಲದ ಬಡ್ಡಿ ಹಾಕಿಕೊಳ್ಳಿ.

ವರ್ಷದ ನಂತರ ಮಾರಿದರೆ ಎಷ್ಟು ಬರಬಹುದು ಎಂದು ತಿಳಿಯಲು ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಅದೇ ಮಾದರಿ ಹುಡುಕಿ. ಅಲ್ಲಿ ಕೇಳುತ್ತಿರುವ ಬೆಲೆ ಕೈಗೆ ಬರುವ ಬೆಲೆಯಲ್ಲ, ಚೌಕಾಸಿಗೆ ಒಂದಷ್ಟು ಕಡಿಮೆ ಮಾಡಿಕೊಳ್ಳಿ. ಫ್ರಿಜ್ಜಿಗೆ ಬೇಗ ಗಿರಾಕಿ ಸಿಗುತ್ತಾರೆ. ಇನ್ನೊಬ್ಬರು ಮಲಗಿದ ಹಾಸಿಗೆಗೆ ಯಾರೂ ದುಡ್ಡು ಕೊಡಲು ಒಪ್ಪುವುದಿಲ್ಲ. ಬಿಚ್ಚಿ ಜೋಡಿಸಿದ ಪ್ಲೈವುಡ್ ಮಂಚದ ಸ್ಕ್ರೂ ಹಿಡಿತ ಸಡಿಲವಾಗುವುದರಿಂದ ಅದರ ಬೆಲೆಯೂ ಬಿದ್ದುಹೋಗುತ್ತದೆ. ಅದಕ್ಕೆ ಮಂಚ-ಹಾಸಿಗೆಗೆ 6,000, ಫ್ರಿಜ್ಜಿಗೆ 8,500, ವಾಷಿಂಗ್ ಮಷೀನಿಗೆ 7,500 ಎಂದು ಇಟ್ಟುಕೊಂಡಿದ್ದೇನೆ.

ಹಂತ 3: ಒಂದೊಂದನ್ನೇ ಪಕ್ಕಪಕ್ಕ ಇಡಿ

ಒಂದು ವರ್ಷಕ್ಕೆ ಒಟ್ಟು ಲೆಕ್ಕ ನೋಡಿದರೆ ಕೊಂಡು ಮಾರುವುದಕ್ಕೆ 37,600, ಬಾಡಿಗೆಗೆ 31,152. ಬಾಡಿಗೆಯೇ ಗೆದ್ದಂತೆ ಕಾಣುತ್ತದೆ. ಈಗ ಬಿಡಿಸಿ ನೋಡಿ.

ಮಂಚ-ಹಾಸಿಗೆ ಕೊಂಡರೆ ಬಡ್ಡಿ ಸೇರಿ ಸುಮಾರು 19,000 ಕಳೆಯುತ್ತದೆ. ಬಾಡಿಗೆ ಜಿಎಸ್‌ಟಿ ಸಮೇತ 12,036. ಏಳು ಸಾವಿರದಷ್ಟು ಉಳಿತಾಯ. ವಾಷಿಂಗ್ ಮಷೀನಿನಲ್ಲಿ 10,600 ಎದುರು 9,912, ಅಂದರೆ ಹೆಚ್ಚುಕಡಿಮೆ ಸಮ. ಫ್ರಿಜ್ಜಿನ ಕತೆ ಉಲ್ಟಾ. ಕೊಂಡರೆ 8,000, ಬಾಡಿಗೆಗೆ 9,204. ಒಂದೇ ವರ್ಷ ಇರುವವರಿಗೂ ಕೊಳ್ಳುವುದೇ ಅಗ್ಗ. ಮೂರನ್ನೂ ಒಂದೇ ಪ್ಯಾಕೇಜಿನಲ್ಲಿ ತಂದರೆ ಮಂಚದ ಲಾಭ ಫ್ರಿಜ್ಜಿನ ನಷ್ಟವನ್ನು ಮುಚ್ಚಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಎರಡು ವರ್ಷಕ್ಕೆ ಎಳೆದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಅದೇ ದರದಲ್ಲಿ ಬಾಡಿಗೆ ಮುಂದುವರಿದರೆ 62,304. ಕೊಂಡವರು ಎರಡು ವರ್ಷದ ನಂತರ ಎಲ್ಲವನ್ನೂ 16,000ಕ್ಕೆ ಮಾರಿದರು, ಬಡ್ಡಿ 7,200, ವಾರಂಟಿ ಮುಗಿದ ಮೇಲಿನ ಒಂದು ರಿಪೇರಿಗೆ 1,500 ಎಂದರೆ ಅವರ ಖರ್ಚು 48,700. ವ್ಯತ್ಯಾಸ ಹದಿಮೂರು ಸಾವಿರಕ್ಕೂ ಜಾಸ್ತಿ. ಈ ದರಗಳಲ್ಲಿ ಎರಡೂ ಸಮವಾಗುವುದು ಹದಿನಾರು ತಿಂಗಳ ಆಸುಪಾಸಿನಲ್ಲಿ.

ಇನ್ನೊಂದು ಮಾತು. ಬಾಡಿಗೆಗೆ ಬರುವ ಸಾಮಾನು ಎಷ್ಟೋ ಸಲ ಬೇರೆ ಮನೆಯಿಂದ ವಾಪಸ್ ಬಂದು, ಸರಿಮಾಡಿಸಿಕೊಂಡು ಬಂದದ್ದು. ಅದನ್ನು ಅಂಗಡಿಯ ಹೊಸ ಬೆಲೆಯ ಜೊತೆ ಹೋಲಿಸುವುದು ಸರಿಯಲ್ಲ. ಒಳ್ಳೆಯ ಸ್ಥಿತಿಯ ಹಳೇ ಫ್ರಿಜ್ ಎಷ್ಟಕ್ಕೆ ಸಿಗುತ್ತದೆ ನೋಡಿ. ಅದನ್ನು 9,000ಕ್ಕೆ ಕೊಂಡು ವರ್ಷದ ನಂತರ 6,500ಕ್ಕೆ ಮಾರಿದರೆ ಖರ್ಚು ಬರೀ 2,500. ವಾರಂಟಿ ಇರುವುದಿಲ್ಲ, ಸಾಗಣೆಯೂ ನಿಮ್ಮದೇ, ನಿಜ. ಒಂದು ರಿಪೇರಿ, ಒಂದು ಟೆಂಪೋ ಬಾಡಿಗೆ ಸೇರಿಸಿದರೂ ಬಾಡಿಗೆಯ ಫ್ರಿಜ್ ಇದಕ್ಕಿಂತ ಅಗ್ಗವಾಗುವುದು ಕಷ್ಟ.

ಹಂತ 4: ಅವಧಿಯನ್ನು ಮನೆ ಕರಾರಿನ ಜೊತೆ ಹೊಂದಿಸಿ

ನಮ್ಮಲ್ಲಿ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಸಾಮಾನಿನ ಯೋಜನೆ 12 ತಿಂಗಳದ್ದು. ಈ ಒಂದು ತಿಂಗಳ ಅಂತರವೇ ದುಡ್ಡು ತಿನ್ನುತ್ತದೆ.

ಮೊದಲೇ ಬಿಟ್ಟರೆ ಕಂಪನಿಗಳು ಒಂದೊಂದು ರೀತಿ ದಂಡ ಹಾಕುತ್ತವೆ. ಕಡಿಮೆ ಅವಧಿಯ ದರಕ್ಕೂ ನಿಮ್ಮ ದರಕ್ಕೂ ಇರುವ ವ್ಯತ್ಯಾಸವನ್ನು ಕಳೆದ ಎಲ್ಲ ತಿಂಗಳಿಗೂ ವಸೂಲಿ ಮಾಡುವುದು ಒಂದು ರೀತಿ. ನಮ್ಮ ದಂಪತಿಗೆ 6 ತಿಂಗಳ ದರ 2,600 ಇತ್ತು ಎನ್ನಿ. 12 ತಿಂಗಳ ದರಕ್ಕಿಂತ 400 ಜಾಸ್ತಿ. ಅವರು 11ನೇ ತಿಂಗಳಿಗೆ ಮನೆ ಬಿಟ್ಟು ಸಾಮಾನು ವಾಪಸ್ ಕೊಟ್ಟರೆ 4,400, ಜಿಎಸ್‌ಟಿ ಸೇರಿ 5,192 ಕಟ್ಟಬೇಕು. ಇದರ ಬದಲು 12ನೇ ತಿಂಗಳ ಬಾಡಿಗೆ 2,596 ಕಟ್ಟಿ ಅವಧಿ ಮುಗಿಸಿದರೆ ಅರ್ಧ ಖರ್ಚು. ಉಳಿದ ತಿಂಗಳ ಬಾಡಿಗೆ ಕಟ್ಟಿದರೆ ಸಾಮಾನನ್ನು ಮೊದಲೇ ಒಯ್ಯುತ್ತೀರಾ, ದಂಡ ಬೀಳುವುದಿಲ್ಲವಾ ಎಂದು ಆರ್ಡರ್ ಮಾಡುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಊರು ಬದಲಾದರೆ ಏನು ಅನ್ನುವುದನ್ನೂ ಕೇಳಿ. ಕೆಲವರು ಅದೇ ನಗರದೊಳಗೆ ಸಾಮಾನು ಸಾಗಿಸಿ ಕೊಡುತ್ತಾರೆ. ಅವರ ಸೇವೆ ಇಲ್ಲದ ಊರಿಗೆ ವರ್ಗವಾದರೆ ಯೋಜನೆ ಮುರಿಯದೆ ದಾರಿ ಇಲ್ಲ.

ಹಂತ 5: ಸಾಮಾನು ಬಂದ ದಿನ

ಡೆಪಾಸಿಟ್ ಪೂರ್ತಿ ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಈ ದಿನವೇ ತೀರ್ಮಾನವಾಗುತ್ತದೆ. ತಂದವರು ಹೋಗುವ ಮೊದಲು ಗೀರು, ಕಲೆ, ಉಬ್ಬಿದ ಪ್ಲೈವುಡ್ ಅಂಚು, ತುಕ್ಕು ಎಲ್ಲದರ ಫೋಟೊ ತೆಗೆದು ಅವತ್ತೇ ಕಂಪನಿಗೆ ಕಳಿಸಿ. ಹಾಸಿಗೆಯ ಹೊದಿಕೆ ತೆಗೆದು ಎರಡೂ ಬದಿ ನೋಡಿ. ವಾಪಸ್ ಒಯ್ಯುವಾಗ ಕಲೆಗೇ ಹೆಚ್ಚು ದುಡ್ಡು ಹಿಡಿಯುತ್ತಾರೆ, ಅದಕ್ಕೆ ಮೇಲೊಂದು ವಾಟರ್‌ಪ್ರೂಫ್ ಹೊದಿಕೆ ಹಾಕಿಬಿಡಿ.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹಿಡಿಯುತ್ತಿಲ್ಲ ಎಂದರ್ಥ. ಕರೆಂಟು ಜಾಸ್ತಿ ಎಳೆಯುತ್ತದೆ, ಆ ಬಿಲ್ಲು ನಿಮ್ಮದು. ಫ್ರಿಜ್ಜನ್ನು ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ. ವಾಷಿಂಗ್ ಮಷೀನಿಗೆ ನೀರು ಬಿಟ್ಟು ಒಂದು ಪೂರ್ತಿ ಸುತ್ತು ಓಡಿಸಿ. ಹಿಂಡುವಾಗ ಕುಣಿದರೆ ಮೊದಲು ಕಾಲುಗಳ ಮಟ್ಟ ಸರಿಮಾಡಿಸಿ.

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಗಡಸು ನೀರಿನಿಂದ ಮಷೀನಿನೊಳಗೆ ಬಿಳಿ ಪದರ ಕಟ್ಟಿ ನೀರು ಬರುವ ವಾಲ್ವ್ ಕಟ್ಟಿಕೊಳ್ಳುತ್ತದೆ. ಇದು ಬಳಕೆಯ ಸವೆತವೇ, ಬಾಡಿಗೆದಾರರ ತಪ್ಪೇ? ಸವೆತ ಎಂದಾದರೆ ರಿಪೇರಿ ಕಂಪನಿಯ ಖರ್ಚು. ತಪ್ಪು ಎಂದಾದರೆ ಬಾಡಿಗೆಯಲ್ಲಿ ರಿಪೇರಿ ಉಚಿತ ಅನ್ನುವ ದೊಡ್ಡ ಅನುಕೂಲವೇ ಹೋಯಿತು.

ಹಂತ 6: ಮುಗಿಸುವಾಗ

ಅವಧಿ ಮುಗಿದರೆ ಬಾಡಿಗೆ ತಾನಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ನೀವು ಸಾಮಾನು ಒಯ್ಯಿರಿ ಎಂದು ಹೇಳುವವರೆಗೂ ಬ್ಯಾಂಕ್ ಖಾತೆಯಿಂದ ತಿಂಗಳ ಹಣ ಹೋಗುತ್ತಲೇ ಇರಬಹುದು. ಎಷ್ಟು ದಿನ ಮೊದಲು ತಿಳಿಸಬೇಕು ಎಂದು ಕರಾರಿನಲ್ಲಿ ನೋಡಿ, ಆ ದಿನವನ್ನು ಮೊಬೈಲಿನಲ್ಲಿ ಗುರುತು ಹಾಕಿಡಿ. ಮನೆ ಖಾಲಿ ಮಾಡುವ ದಿನಕ್ಕೆ ಸಾಮಾನು ಒಯ್ಯುವ ದಿನವನ್ನು ಇಡಬೇಡಿ. ಗಾಡಿ ಒಂದು ದಿನ ತಡವಾದರೂ ಬೀಗ ಕೊಡಲಾಗದೆ ಪೇಚಾಡಬೇಕಾಗುತ್ತದೆ. ಎರಡು ಮೂರು ದಿನ ಮೊದಲೇ ಇಟ್ಟುಕೊಳ್ಳಿ.

ಒಯ್ಯುವಾಗ ಮತ್ತೆ ಫೋಟೊ ತೆಗೆಯಿರಿ, ಸಾಮಾನು ಪಡೆದದ್ದಕ್ಕೆ ಚೀಟಿ ಅಥವಾ ಮೆಸೇಜ್ ತೆಗೆದುಕೊಳ್ಳಿ. ಡೆಪಾಸಿಟ್ ಕಡಿತವಾಗಿದ್ದರೆ ಯಾವ ಸಾಮಾನಿಗೆ ಎಷ್ಟು ಎಂಬ ವಿವರ ಕೇಳಿ, ಬಂದ ದಿನದ ಫೋಟೊ ಜೊತೆ ಹೋಲಿಸಿ ಉತ್ತರ ಬರೆಯಿರಿ. ಬಾಕಿ ಏನೂ ಇಲ್ಲ ಎಂಬ ಇಮೇಲ್ ಬಂದ ನಂತರ ಬ್ಯಾಂಕಿನ ಆ್ಯಪಿಗೆ ಹೋಗಿ ಆಟೊ-ಡೆಬಿಟ್ ಅನುಮತಿಯನ್ನು ನೀವೇ ರದ್ದು ಮಾಡಿ.