ಒಂದೇ ಪ್ರೋಗ್ರಾಂ, ಇಬ್ಬರ ಹೆಸರು: ನಾನು ಉತ್ತರ ಕೊಟ್ಟ ಬಗೆ

ಮಂಡ್ಯದಲ್ಲಿ ಎರಡನೇ ವರ್ಷದ ಇಂಜಿನಿಯರಿಂಗ್ ಓದುವಾಗ ನಡೆದದ್ದು. ಡೇಟಾ ಸ್ಟ್ರಕ್ಚರ್ಸ್ ಅಸೈನ್‌ಮೆಂಟಿಗೆ ನಾನು ನಮ್ಮೂರಿನ ಹಾಲಿನ ಡೈರಿ ಲೆಕ್ಕ ತಗೊಂಡಿದ್ದೆ. ಹಾಲು ಹಾಕುವವರ ಪಟ್ಟಿ, ಲೀಟರ್, ಫ್ಯಾಟ್, ಎಲ್ಲ ಒಂದು ಲಿಂಕ್ಡ್ ಲಿಸ್ಟಿನಲ್ಲಿ, ಅಂದರೆ ಒಂದೊಂದು ದಾಖಲೆಯೂ ತನ್ನ ಮುಂದಿನದನ್ನು ತೋರಿಸುವ ಪಟ್ಟಿಯಲ್ಲಿ. ಸಬ್ಮಿಟ್ ಮಾಡಿದ ನಾಲ್ಕನೇ ದಿನ ಮೇಡಂ ಮೇಲ್ ಬಂತು. ನನ್ನದೂ ನನ್ನ ಗೆಳೆಯನದೂ ಒಂದೇ ಥರ ಇದೆ, ಇಬ್ಬರೂ ಸೋಮವಾರದೊಳಗೆ ಬರೆದು ಉತ್ತರ ಕೊಡಬೇಕು ಅಂತ.

ಅವರು ಬಳಸಿದ್ದು MOSS, ಪ್ರೋಗ್ರಾಂಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೋಲಿಸಿ ನೋಡುವ ಸಾಫ್ಟ್‌ವೇರ್. ನನ್ನ ಫೈಲಿಗೆ 71%, ಅವನದಕ್ಕೆ 84% ತೋರಿಸಿತ್ತು. ಅವನದು ಜಾಸ್ತಿ ಇದೆ, ಹಾಗಾದರೆ ಕದ್ದವನು ಅವನೇ ಅಂತ ಗೊತ್ತಾಗುತ್ತೆ ಅಲ್ವಾ ಅಂದುಕೊಂಡೆ. ಅದು ತಪ್ಪು. ಆ ಅಂಕಿ ಹೇಳೋದು ಅವರವರ ಫೈಲಿನಲ್ಲಿ ಎಷ್ಟು ಭಾಗ ಇನ್ನೊಂದಕ್ಕೆ ಹೊಂದುತ್ತದೆ ಅಂತ ಮಾತ್ರ. ಅವನ ಫೈಲ್ ಚಿಕ್ಕದು, ಅದಕ್ಕೇ ಜಾಸ್ತಿ. ಯಾರು ಯಾರದನ್ನು ನೋಡಿ ಬರೆದರು ಅನ್ನೋದು ಅದಕ್ಕೆ ಗೊತ್ತಿರುವುದಿಲ್ಲ. ವೇರಿಯಬಲ್ ಹೆಸರು ಬದಲಾಯಿಸಿದರೂ ಅದು ಹಿಡಿಯುತ್ತದೆ. ಅವನು ಎಲ್ಲ ಹೆಸರನ್ನೂ ಬದಲಾಯಿಸಿದ್ದ.

ಅವತ್ತು ಸಂಜೆಯೇ ಅವನು ಫೋನ್ ಮಾಡಿದ. "ಮಗಾ, ಇಬ್ರೂ ಕೂತು ಒಟ್ಟಿಗೆ ಮಾಡಿದ್ವಿ ಅಂತ ಹೇಳಿಬಿಡೋಣ ಕಣೋ." ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆದರೆ ಅಸೈನ್‌ಮೆಂಟ್ ಒಬ್ಬೊಬ್ಬರೇ ಮಾಡಬೇಕಾದದ್ದು. ಒಟ್ಟಿಗೆ ಮಾಡಿದ್ವಿ ಅಂದರೆ ಇಬ್ಬರ ಮೇಲೂ ತಪ್ಪು ಹೊರಿಸಿಕೊಂಡ ಹಾಗೆ, ಮೇಲಿಂದ ಸುಳ್ಳು ಬೇರೆ. "ನಾನು ನಿಜಾನೇ ಬರೀತೀನಿ. ಫೈಲ್ ಕಳಿಸಿದ್ದು ನಾನೇ ಅಂತಾನೂ ಬರೀತೀನಿ. ನೀನೂ ಬರಿ" ಅಂದೆ. ಆಮೇಲೆ ಉತ್ತರ ಕೊಡುವವರೆಗೂ ಅವನ ಜೊತೆ ಈ ವಿಷಯ ಮಾತಾಡಲಿಲ್ಲ.

ಹೌದು, ಫೈಲ್ ಕಳಿಸಿದ್ದು ನಾನೇ. ಮಂಗಳವಾರ ರಾತ್ರಿ ವಾಟ್ಸಾಪಿನಲ್ಲಿ "ನೋಡ್ಕೊಂಡು ನೀನೇ ಬರಿ" ಅಂತ ಹಾಕಿದ್ದೆ. ಆ ಮೆಸೇಜ್ ಅಳಿಸಬೇಕು ಅನಿಸಿತ್ತು. ಅಳಿಸಲಿಲ್ಲ. ಅಳಿಸಿದ್ದರೆ ನನ್ನ ಪರವಾಗಿದ್ದ ಗಟ್ಟಿ ಸಾಕ್ಷಿಯೇ ಹೋಗುತ್ತಿತ್ತು. ಫೈಲನ್ನೂ ಮುಟ್ಟಲಿಲ್ಲ. ಇಡೀ ಫೋಲ್ಡರಿನ ಒಂದು ಕಾಪಿ ಪೆನ್‌ಡ್ರೈವಿಗೆ ಹಾಕಿಟ್ಟು, ಆಮೇಲೆ ಹಳೆಯದೆಲ್ಲ ತೆಗೆದು ನೋಡಿದೆ:

```
git log --date=iso --stat dairy.c
```

ಒಂಬತ್ತು ಕಮಿಟ್ ಇದ್ದವು, ಅಂದರೆ ಬರೆಯುತ್ತಾ ತಾರೀಖಿನ ಸಮೇತ ಉಳಿಸಿಟ್ಟ ಒಂಬತ್ತು ಹಂತಗಳು, ಆರು ದಿನದಲ್ಲಿ ಮಾಡಿದ್ದು. ಇಷ್ಟೇ ಸಾಕು ಅಂದುಕೊಂಡಿದ್ದೆ, ಆದರೆ ಕಮಿಟ್ ತಾರೀಖನ್ನು ಯಾರು ಬೇಕಾದರೂ ತಮ್ಮ ಲ್ಯಾಪ್‌ಟಾಪಿನಲ್ಲಿ ತಿದ್ದಬಹುದು. ಅದಕ್ಕೆ GitHub ಗೆ ಪುಶ್ ಆದ, ಅಂದರೆ ಅಪ್‌ಲೋಡ್ ಆದ, ಸಮಯದ ಸ್ಕ್ರೀನ್‌ಶಾಟ್ ಕೂಡ ತೆಗೆದೆ. ಅದು ಅವರ ಸರ್ವರಿನ ಗಡಿಯಾರದ ಸಮಯ, ನಾನು ತಿದ್ದುವಂತಿಲ್ಲ.

ನಿಜವಾಗಿ ದಾರಿ ತೋರಿಸಿದ್ದು ಒಂದು ತಪ್ಪು. ಮಂಗಳವಾರದ ನನ್ನ ಫೈಲಿನಲ್ಲಿ ಸದಸ್ಯರನ್ನು ತೆಗೆದುಹಾಕುವ ಕಡೆ ಹೀಗಿತ್ತು:

```c
p = head;
while (p->next != NULL && p->next->no != no)
    p = p->next;
```

ಪಟ್ಟಿಯ ಒಂದೊಂದು ದಾಖಲೆಗೂ ನೋಡ್ ಅಂತಾರೆ. ಇಲ್ಲಿ ಪರೀಕ್ಷಿಸುವುದು ಯಾವಾಗಲೂ ಮುಂದಿನ ನೋಡ್ ಅನ್ನು. ಮೊದಲನೇ ನೋಡಿನ ಸರದಿ ಬರುವುದೇ ಇಲ್ಲ. ಹಾಗಾಗಿ ಪಟ್ಟಿಯ ಮೊದಲ ಸದಸ್ಯನನ್ನು ತೆಗೆಯಲು ಆಗುತ್ತಿರಲಿಲ್ಲ. ಗುರುವಾರ ಅದು ಗೊತ್ತಾಗಿ ಸರಿಮಾಡಿ, ಸರಿಮಾಡಿದ್ದನ್ನೇ ಸಬ್ಮಿಟ್ ಮಾಡಿದ್ದೆ. ಅವನು ಸಬ್ಮಿಟ್ ಮಾಡಿದ್ದರಲ್ಲಿ ಆ ತಪ್ಪು ಹಾಗೇ ಇತ್ತು. ಅಂದರೆ ಅವನ ಫೈಲ್ ನನ್ನ ಕೊನೆಯ ಫೈಲಿಗಿಂತ ಮಂಗಳವಾರದ ಕಮಿಟಿಗೇ ಹತ್ತಿರ. ನಾನು ಅವನದನ್ನು ನೋಡಿ ಬರೆದಿದ್ದರೆ ನನ್ನ ಮಂಗಳವಾರದ ಪುಶ್‌ನಲ್ಲಿ ಅದು ಇರೋಕೆ ಹೇಗೆ ಸಾಧ್ಯ?

ಉತ್ತರ ಒಂದೇ ಪುಟ ಬರೆದೆ. ಮೊದಲನೇ ಸಾಲಿನಲ್ಲೇ "ನಾನು ಈ ಫೈಲನ್ನು ಮಂಗಳವಾರ ರಾತ್ರಿ ಕಳಿಸಿದ್ದೆ, ಅದು ನನ್ನ ತಪ್ಪು" ಅಂತ. ಆಮೇಲೆ ಯಾವ ದಿನ ಏನು ಬರೆದೆ, ಆ ಮೂರು ಸಾಲು, ಸ್ಕ್ರೀನ್‌ಶಾಟ್‌ಗಳು. ಅವನು ಎಂಥವನು ಅಂತ ಒಂದು ಮಾತೂ ಬರೆಯಲಿಲ್ಲ. ಅದನ್ನು ತೀರ್ಮಾನಿಸುವುದು ನನ್ನ ಕೆಲಸ ಅಲ್ಲ.

ಸೋಮವಾರ ಮೇಡಂ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದರು. ನನಗೆ ಬೋರ್ಡಿನ ಮೇಲೆ ಬಾಣ ಹಾಕಿ ಮೊದಲನೇ ನೋಡ್ ತೆಗೆಯುವುದು ಹೇಗೆ ಅಂತ ತೋರಿಸಲು ಹೇಳಿದರು. ಆಮೇಲೆ ಕೇಳಿದ್ದು, "ಫ್ಯಾಟ್ ಪ್ರಿಂಟ್ ಮಾಡುವಾಗ ಹತ್ತರಿಂದ ಯಾಕೆ ಭಾಗಿಸಿದ್ದೀಯ?" 4.1 ಅನ್ನೋದನ್ನು 41 ಅಂತ ಪೂರ್ಣಾಂಕವಾಗಿ ಇಟ್ಟಿದ್ದೆ, ದಶಮಾಂಶ ಇಟ್ಟು ಸಮ ಇದೆಯಾ ಅಂತ ನೋಡಿದರೆ ಕೆಲವು ಸಲ ತಪ್ಪು ಬರುತ್ತೆ ಅಂದೆ. ಅದೇ ಪ್ರಶ್ನೆ ಅವನಿಗೂ ಕೇಳಿದರಂತೆ. ಅಲ್ಲಿ ಅವನು ಸುಮ್ನೆ ನಿಂತು, ಕೊನೆಗೆ ತಾನೇ ಒಪ್ಪಿಕೊಂಡನಂತೆ.

ಅವನಿಗೆ ಸೊನ್ನೆ, ಜೊತೆಗೆ ಬೇರೆ ಪ್ರೋಗ್ರಾಂ ಬರೆಯಲು ಒಂದು ವಾರ. ನನಗೆ 20ಕ್ಕೆ 14 ಬಂತು. ಫೈಲ್ ಕೊಟ್ಟಿದ್ದಕ್ಕೆ 4 ಅಂಕ ಕಳೆದಿದ್ದರು. ಅದು ನ್ಯಾಯ ಅಂತಲೇ ನನಗೆ ಈಗಲೂ ಅನಿಸುವುದು. ಆ ವಾರ ಎರಡು ಸಂಜೆ ಖಾಲಿ ಕ್ಲಾಸಿನಲ್ಲಿ ಅವನ ಜೊತೆ ಕೂತೆ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಬೋರ್ಡಿನ ಮೇಲೆ ಬಾಣ ಹಾಕಿ.