ದಿನಕ್ಕೆ ಐದು ನಿಮಿಷ, ಒಂದೇ ವಾಕ್ಯ: ಇಂಗ್ಲಿಷ್ ಲಯ ಹಿಡಿಯುವ ಬಗೆ

ನಮ್ಮ ಶಿರಸಿ, ಕಾರವಾರದ ಕಡೆ ಇಂಗ್ಲಿಷ್ ವ್ಯಾಕರಣ ಚೆನ್ನಾಗಿ ಬರುವವರು ಎಷ್ಟೋ ಜನ ಇದ್ದಾರೆ. ಆದರೆ ಮಾತಾಡುವಾಗ ಕನ್ನಡದ ಹಾಗೆ ಪ್ರತಿ ಅಕ್ಷರಕ್ಕೂ ಸಮ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ, ಅಲ್ವಾ?

ಹತ್ತು ಸೆಕೆಂಡಿಗಿಂತ ಚಿಕ್ಕ ಆಡಿಯೋ ಆರಿಸಿ. ಅರ್ಥ ಪೂರ್ತಿ ಗೊತ್ತಿರಬೇಕು. 'ಐ ಕ್ಯಾನ್ ಮೀಟ್ ಯು ಅಟ್ ದ ಸ್ಟೇಷನ್ ಟುಮಾರೋ' ಅಂತ ಇದೆ ಎಂದುಕೊಳ್ಳಿ. ಸಾಮಾನ್ಯವಾಗಿ ಒತ್ತು ಬೀಳುವುದು ಮೂರೇ ಕಡೆ: 'ಮೀಟ್', 'ಸ್ಟೇ', 'ಮಾ'. ಅಲ್ಲಿ ಮಾತ್ರ ಬೆರಳಿಂದ ತಟ್ಟಿ. ಉಳಿದದ್ದು ನಡುವೆ ಸಣ್ಣಗೆ ಜಾರಿ ಹೋಗಬೇಕು. 'ಕ್ಯಾನ್' ಬರೀ 'ಕ್ನ್' ಅನ್ನುವಷ್ಟು ಚಿಕ್ಕದು. ಅದನ್ನು ಒತ್ತಿ ಹೇಳಿದರೆ ಕೇಳುವವರಿಗೆ 'ಕಾಂಟ್' ಅಂದ ಹಾಗೂ ಅನಿಸಬಹುದು.

ಮೊದಲು ಪದಗಳನ್ನು ಬಿಟ್ಟು ಸುಮ್ನೆ 'ಹೂಂ ಹೂಂ' ಎಂದು ಗುನುಗಿ, ದನಿಯ ಏರಿಳಿತ ಹಿಡಿಯಿರಿ. ಆಮೇಲೆ ಇಯರ್‌ಫೋನ್ ಹಾಕಿ, ಆಡಿಯೋ ನಡೆಯುತ್ತಿರುವಾಗಲೇ ಅರೆ ಸೆಕೆಂಡು ಹಿಂದಿನಿಂದ ಹೇಳುತ್ತಾ ಹೋಗಿ. ಮುಗಿಯಲಿ ಎಂದು ಕಾದರೆ ಆಡಿಯೋದಲ್ಲಿ ಮಾತಾಡಿದವರ ಲಯ ಮರೆತು ನಮ್ಮದೇ ಲಯ ನುಸುಳುತ್ತದೆ. ವೇಗ ಕಮ್ಮಿ ಮಾಡುವುದು ಕೇಳಿಸದ ಜಾಗ ಹುಡುಕಲಷ್ಟೇ, ಅಭ್ಯಾಸ ಮೂಲ ವೇಗದಲ್ಲೇ ಆಗಲಿ.

ಕೊನೆಗೆ ಆಡಿಯೋ ಇಲ್ಲದೆ ಹೇಳಿ ರೆಕಾರ್ಡ್ ಮಾಡಿ. ಅವರದ್ದು ಎರಡೂವರೆ ಸೆಕೆಂಡು, ನಿಮ್ಮದು ನಾಲ್ಕು ಆದರೆ ಚಿಕ್ಕ ಪದಗಳು ಹಿಗ್ಗಿವೆ ಎಂದರ್ಥ. ಅದು ಸರಿಯಾಗುವವರೆಗೆ ಮೂರ್ನಾಲ್ಕು ದಿನ ಅದೇ ವಾಕ್ಯ ಇಟ್ಟುಕೊಳ್ಳಿ. ಕುಮಟಾ ಬಸ್ಸಲ್ಲಿ ಕೂತೂ ಗುನುಗಬಹುದು, ರೆಕಾರ್ಡಿಂಗ್ ಮಾತ್ರ ಮನೆಯಲ್ಲಿ ಮಾಡಿ.